ಶೇಕಡಾ 12ರ ಫ್ರೀಜರ್

ಬಾಡಿಗೆ ಖರೀದಿಯಲ್ಲಿ ಕೊನೆಯ ಕಂತು ತೀರುವವರೆಗೂ ವಸ್ತು ಮಾರಿದವನದೇ. ದಿನಸಿ ಅಂಗಡಿಯವನೊಬ್ಬ ಹೀಗೆ 60,000 ರೂಪಾಯಿಯ ಫ್ರೀಜರ್ ತಂದ. ಮುಂಗಡ 12,000; ಉಳಿದ 48,000ಕ್ಕೆ ‘ವರ್ಷಕ್ಕೆ ಶೇ. 12’ರಂತೆ ಎರಡು ವರ್ಷದ ಬಡ್ಡಿ 11,520. ಎರಡೂ ಸೇರಿ ತಿಂಗಳಿಗೆ 2,480ರ 24 ಕಂತು.

ಆರು ಕಂತು ಕಟ್ಟಿದ ಮೇಲೆ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕುವಾಗ ಅವನಿಗೆ ಅನುಮಾನ ಬಂತು. ಪ್ರತಿ ಕಂತಿನಲ್ಲೂ 2,000 ಅಸಲು, 480 ಬಡ್ಡಿ. ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಇಡೀ 48,000ಕ್ಕೇ ಬೀಳುತ್ತಿತ್ತು! ಮೊದಲ ತಿಂಗಳು ಕೈಯಲ್ಲಿದ್ದ ಸಾಲ 48,000, ಕೊನೆಯ ತಿಂಗಳು ಬರೀ 2,000, ಸರಾಸರಿ 25,000. ವರ್ಷದ ಬಡ್ಡಿ 5,760 ಅಂದರೆ ಅದರ ಶೇ. 23.

ಈ ಅಂದಾಜು ಸ್ವಲ್ಪ ಹೆಚ್ಚೇ. ಉಳಿದ ಸಾಲದ ಮೇಲೆ ಬಡ್ಡಿ ಹಾಕುವ ಕ್ರಮದಲ್ಲಿ ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ದೊಡ್ಡದು, ಅಸಲು ನಿಧಾನವಾಗಿ ಇಳಿಯುತ್ತದೆ. ತಿಂಗಳಿಗೆ ಶೇ. 1.8 ಹಿಡಿದರೆ ಮೊದಲ ಕಂತಿನಲ್ಲಿ 864 ಬಡ್ಡಿ, 1,616 ಅಸಲು. ಹೀಗೇ ಮುಂದುವರಿಸಿದರೆ 24ನೇ ಕಂತಿಗೆ ಸಾಲ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಆದ್ದರಿಂದ ನಿಜವಾದ ವಾರ್ಷಿಕ ದರ ಸುಮಾರು ಶೇ. 21.6. ದಾಖಲೆ ಶುಲ್ಕವೇನಾದರೂ ಇದ್ದರೆ ಅದು ಇನ್ನೂ ಏರುತ್ತದೆ.