ವೋಚರ್ ಸರಿಯಿದ್ದರೂ ಲೆಕ್ಕ ಸುಳ್ಳಾಗಬಹುದು

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೊಂದು ಪತ್ರ ಬರೆದರು. ಹಿಂದಿನ ಸೆಪ್ಟೆಂಬರ್ ಅಂತ್ಯದ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ಆಡಿಟರುಗಳು ವರ್ಷ ವರ್ಷವೂ ‘ಲೆಕ್ಕ ಸರಿಯಿದೆ’ ಎಂದು ಸಹಿ ಹಾಕಿದ್ದ ಕಂಪನಿ ಅದು.

ಖಾತೆಪುಸ್ತಕದ ಒಂದು ನಮೂದನ್ನು ಹಿಡಿದು, ಅದಕ್ಕೆ ಆಧಾರವಾದ ಬಿಲ್ಲು, ರಸೀದಿ, ಒಪ್ಪಂದಗಳನ್ನು ಹುಡುಕಿ ತಾಳೆ ನೋಡುವುದಕ್ಕೆ ವೋಚಿಂಗ್ ಎನ್ನುತ್ತಾರೆ. ದಿನಾಂಕ, ಮೊತ್ತ, ಹೆಸರು, ಮಂಜೂರು ಮಾಡಿದವರ ಸಹಿ ಎಲ್ಲವನ್ನೂ ನೋಡುತ್ತಾರೆ. ಆದರೆ ಬಿಲ್ಲನ್ನೇ ಕಂಪನಿ ಸೃಷ್ಟಿಸಿದ್ದರೆ? ಆಗ ನಮೂದೂ ಬಿಲ್ಲೂ ಅಚ್ಚುಕಟ್ಟಾಗಿ ತಾಳೆಯಾಗುತ್ತವೆ. ಸತ್ಯಂನಲ್ಲಿ ನಕಲಿ ಇನ್‌ವಾಯ್ಸ್‌ಗಳು ಇದ್ದದ್ದು ಆಮೇಲೆ ತನಿಖೆಯಲ್ಲಿ ಹೊರಬಂತು. ಇನ್ನು, ಪುಸ್ತಕಕ್ಕೆ ಬರೆಯದೇ ಬಿಟ್ಟ ಸಾಲವಂತೂ ವೋಚಿಂಗ್‌ಗೆ ಸಿಗುವುದೇ ಇಲ್ಲ. ಅದಕ್ಕೆ ಕಾಗದದಿಂದ ಪುಸ್ತಕಕ್ಕೆ, ಅಂದರೆ ಉಲ್ಟಾ ದಾರಿಯಲ್ಲಿ ಬರಬೇಕು.

ಹಾಗಾಗಿ ಆಡಿಟ್‌ನಲ್ಲಿ ಸಾಕ್ಷ್ಯ ಏನು ಹೇಳುತ್ತದೆ ಎಂಬುದರಷ್ಟೇ ಅದು ಯಾರ ಕೈ ದಾಟಿ ಬಂತು ಎಂಬುದೂ ಮುಖ್ಯ. ಬ್ಯಾಂಕ್ ಶಿಲ್ಕು ಪರೀಕ್ಷಿಸುವಾಗ ದೃಢೀಕರಣ ಕೇಳುವ ಪತ್ರವನ್ನು ಆಡಿಟರೇ ಕಳಿಸಬೇಕು, ಉತ್ತರ ನೇರವಾಗಿ ಆಡಿಟರಿಗೇ ಬರಬೇಕು. ಸತ್ಯಂನಲ್ಲಿ ಈ ಪತ್ರಗಳ ರವಾನೆ, ಸ್ವೀಕಾರ ಎರಡನ್ನೂ ಆಡಿಟರುಗಳು ಕಂಪನಿಯ ಆಡಳಿತಕ್ಕೇ ಬಿಟ್ಟಿದ್ದರು ಎಂದು ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ 2011ರಲ್ಲಿ ಹೇಳಿತು. ಯಾರನ್ನು ಪರೀಕ್ಷಿಸಬೇಕೋ ಅವರೇ ಅಂಚೆಯಣ್ಣನಾದರೆ ಆ ಉತ್ತರಕ್ಕೆ ಬೆಲೆಯೆಷ್ಟು?

ತಪ್ಪು ಸಿಕ್ಕಿದಾಗ ಆಡಿಟರು ಮೊದಲು ತಿದ್ದಲು ಹೇಳುತ್ತಾರೆ. ಆಡಳಿತ ಒಪ್ಪದಿದ್ದರೆ ತಪ್ಪು ಎಷ್ಟು ದೊಡ್ಡದು, ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡುತ್ತಾರೆ. 3 ಕೋಟಿ ಲಾಭ ತೋರಿಸಿದ ಕಂಪನಿಯೊಂದಿದೆ ಎನ್ನಿ. ದಿವಾಳಿಯಾದ ಗಿರಾಕಿಯೊಬ್ಬನಿಂದ ಬರಬೇಕಾದ 40 ಲಕ್ಷ ಮುಳುಗಿದ್ದರೂ ಅದನ್ನು ನಷ್ಟಕ್ಕೆ ಬರೆದಿಲ್ಲ. ಮೊತ್ತ ದೊಡ್ಡದೇ, ಆದರೆ ತಪ್ಪು ಒಂದೇ ಕಡೆ ನಿಂತಿದೆ. ‘ಇದೊಂದನ್ನು ಬಿಟ್ಟರೆ ಉಳಿದ ಲೆಕ್ಕ ಸರಿ’ ಎನ್ನುವ ಕ್ವಾಲಿಫೈಡ್ ಅಭಿಪ್ರಾಯ ಇಲ್ಲಿ ಸಾಕು.

ಸತ್ಯಂನಂಥ ಕಡೆ ಈ ‘ಬಿಟ್ಟರೆ’ ನಡೆಯದು. 5,040 ಕೋಟಿ ತೆಗೆದಿಟ್ಟು ಉಳಿದದ್ದನ್ನು ನಂಬಿ ಎಂದರೆ ಉಳಿಯುವುದೇನು? ಆದಾಯ, ಲಾಭ, ಬಡ್ಡಿ ಎಲ್ಲಕ್ಕೂ ಅದೇ ಸುಳ್ಳು ಹಬ್ಬಿತ್ತು. ಇದು ಆಗಲೇ ಪತ್ತೆಯಾಗಿ, ಆಡಳಿತ ತಿದ್ದಲು ಒಪ್ಪದಿದ್ದರೆ ಲೆಕ್ಕಪತ್ರ ಒಟ್ಟಾರೆಯಾಗಿ ನಿಜಸ್ಥಿತಿ ತೋರಿಸುತ್ತಿಲ್ಲ ಎಂಬ ಅಡ್ವರ್ಸ್ ಅಭಿಪ್ರಾಯವನ್ನೇ ಕೊಡಬೇಕಿತ್ತು. ಇಂಥ ಅಭಿಪ್ರಾಯಕ್ಕೂ ಸಾಕ್ಷ್ಯ ಕೈಯಲ್ಲಿರಬೇಕು, ಅನುಮಾನವಷ್ಟೇ ಸಾಲದು. ಬ್ಯಾಂಕಿನ ನೇರ ಉತ್ತರ ಬೇರೆ ಯಾವ ದಾರಿಯಲ್ಲೂ ದೊರೆಯದೆ, ಇಷ್ಟು ದೊಡ್ಡ ಶಿಲ್ಕು ಇದೆಯೋ ಇಲ್ಲವೋ ತಿಳಿಯದಾದರೆ ಉಳಿಯುವುದು ಮೂರನೆಯ ದಾರಿ: ಅಭಿಪ್ರಾಯ ಕೊಡಲಾಗದು ಎಂದು ಬರೆಯುವುದು.

ಸತ್ಯಂನ ಆಡಿಟ್ ಸಂಸ್ಥೆ ಇವು ಯಾವುದನ್ನೂ ಬರೆದಿರಲಿಲ್ಲ. ರಾಜು ಪತ್ರ ಹೊರಬಿದ್ದ ಮೇಲೆ, ಅದೇ ಜನವರಿಯಲ್ಲಿ, ತನ್ನ ಹಿಂದಿನ ವರದಿಗಳನ್ನು ಇನ್ನು ನೆಚ್ಚಬಾರದು ಎಂದು ಮಂಡಳಿಗೆ ತಿಳಿಸಿತು.