ಮೌಸ್ ಒತ್ತಿದ್ದು ಈಗ, ತೆರೆಗೆ ಬಂದದ್ದು ಯಾವಾಗ?

ಕೌಂಟರ್-ಸ್ಟ್ರೈಕ್ ಆಡುವವರ ಬಾಯಲ್ಲಿ ಸದಾ ಇರುವ ದೂರು ಒಂದೇ: ‘ಮೊದಲು ಹೊಡೆದವನು ನಾನು, ಸತ್ತವನೂ ನಾನೇ.’ ಬೈಗುಳವೆಲ್ಲ ಸಾಮಾನ್ಯವಾಗಿ ಇಂಟರ್‌ನೆಟ್ ಕಂಪನಿಗೆ ಹೋಗುತ್ತದೆ. ಎಷ್ಟೋ ಸಲ ಅದು ನ್ಯಾಯವೂ ಹೌದು. ಆದರೆ ಪಿಂಗ್ ಚೆನ್ನಾಗಿದೆ, ಸೆಕೆಂಡಿಗೆ ನೂರು ಫ್ರೇಮ್ ಬರುತ್ತಿದೆ, ಆದರೂ ಮೌಸ್ ಯಾಕೋ ಭಾರವೆನಿಸುತ್ತಿದೆ ಎಂದರೆ ತಪ್ಪು ಹೊರಗಿನ ತಂತಿಯದ್ದಾಗಿರಲಿಕ್ಕಿಲ್ಲ. ತಡವಾಗುತ್ತಿರುವುದು ಮೇಜಿನ ಕೆಳಗಿನ ಡಬ್ಬಿಯೊಳಗೇ ಇರಬಹುದು.

ಆಟದ ಒಂದೊಂದು ಚಿತ್ರವೂ, ಅಂದರೆ ಒಂದೊಂದು ಫ್ರೇಮ್ ಕೂಡ, ಎರಡು ಕೈ ದಾಟಿ ಬರುತ್ತದೆ. ಮೊದಲು ಪ್ರೊಸೆಸರ್ ಮೌಸ್ ಮತ್ತು ಕೀಬೋರ್ಡ್ ಏನು ಹೇಳುತ್ತಿವೆ ಎಂದು ನೋಡಿ, ಯಾರು ಎಲ್ಲಿದ್ದಾರೆ, ಗುರಿ ಎತ್ತ ತಿರುಗಿದೆ ಎಂದು ಲೆಕ್ಕ ಹಾಕಿ, ‘ಇದನ್ನು ಹೀಗೆ ಬಿಡಿಸು’ ಎಂಬ ಆದೇಶದ ಕಟ್ಟನ್ನು ತಯಾರಿಸುತ್ತದೆ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಅದನ್ನು ಬಿಡಿಸುತ್ತದೆ. ಕಾರ್ಡಿಗಿಂತ ಪ್ರೊಸೆಸರ್ ಚುರುಕಾಗಿದ್ದರೆ ಆದೇಶಗಳು ನಡುವೆ ಸಾಲುಗಟ್ಟುತ್ತವೆ. ಇದೇ ರೆಂಡರ್ ಕ್ಯೂ. ವಿಂಡೋಸ್‌ನ ಡೈರೆಕ್ಟ್‌ಎಕ್ಸ್, ಆಟ ಬೇರೆ ಏನೂ ಹೇಳದಿದ್ದರೆ, ಮೂರು ಫ್ರೇಮ್‌ವರೆಗೆ ಹೀಗೆ ಮುಂದೋಡಲು ಬಿಡುತ್ತದೆ. ಅದು ಅವಿವೇಕವೇನಲ್ಲ. ಪ್ರೊಸೆಸರ್ ಒಂದು ಕ್ಷಣ ಎಡವಿದರೂ ಕಾರ್ಡಿನ ಕೈಯಲ್ಲಿ ಕೆಲಸ ಇರುತ್ತದೆ, ಆಟ ತಡವರಿಸುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ನಿಮ್ಮ ಮೌಸ್ ಎಲ್ಲಿತ್ತು ಎಂಬುದು ಪ್ರೊಸೆಸರ್ ಫ್ರೇಮ್ ಶುರುಮಾಡಿದ ಗಳಿಗೆಗೇ ನಿಗದಿಯಾಗಿಬಿಟ್ಟಿರುತ್ತದೆ. ಸಾಲಿನಲ್ಲಿ ಕೂತಷ್ಟು ಹೊತ್ತೂ ಆ ಮಾಹಿತಿ ಹಳಸುತ್ತ ಹೋಗುತ್ತದೆ. ಎಫ್‌ಪಿಎಸ್ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂದು ಅದು ಹೇಳುತ್ತದೆಯೇ ಹೊರತು ಚಿತ್ರ ಎಷ್ಟು ಹಳೆಯದು ಎಂದಲ್ಲ.

ಒಂದು ಸರಳ ಲೆಕ್ಕ ಹಾಕೋಣ. ಪ್ರೊಸೆಸರಿಗೆ ಒಂದು ಫ್ರೇಮಿಗೆ 4 ಮಿಲಿಸೆಕೆಂಡ್ ಸಾಕು, ಕಾರ್ಡಿಗೆ 10 ಬೇಕು ಎಂದಿಟ್ಟುಕೊಳ್ಳಿ. ಸಾಲಿನಲ್ಲಿ ಮೂರು ಜಾಗ. ಕಾರ್ಡ್ ಒಂದು ಫ್ರೇಮ್ ಎತ್ತಿಕೊಂಡು ಜಾಗ ಖಾಲಿಯಾದ ತಕ್ಷಣ ಪ್ರೊಸೆಸರ್ ಮೌಸ್ ಓದಿ ಹೊಸದನ್ನು ಶುರುಮಾಡುತ್ತದೆ. ಅದರ ಮುಂದೆ ಕಾಯುತ್ತಿರುವವು ಎರಡು, ಕಾರ್ಡಿನ ಕೈಯಲ್ಲಿ ಒಂದು. ಆ ಮೂರಕ್ಕೆ 30 ಮಿಲಿಸೆಕೆಂಡ್, ತನ್ನದೇ 10, ಒಟ್ಟು 40. ಸಾಲನ್ನು ಒಂದೇ ಜಾಗಕ್ಕೆ ಇಳಿಸಿದರೆ ಅದು 20ಕ್ಕೆ ಬರುತ್ತದೆ. ಇನ್ನೂ ಜಾಣತನದಿಂದ ಪ್ರೊಸೆಸರನ್ನು 6 ಮಿಲಿಸೆಕೆಂಡ್ ಸುಮ್ಮನೆ ಕೂರಿಸಿ, ಕಾರ್ಡ್ ಬಿಡುವಾಗುವ ಹೊತ್ತಿಗೆ ಸರಿಯಾಗಿ ಫ್ರೇಮ್ ತಲುಪುವಂತೆ ಮಾಡಿದರೆ ಬರೀ 14. ಮೂರೂ ಸಂದರ್ಭದಲ್ಲಿ ಎಫ್‌ಪಿಎಸ್ ಅಷ್ಟೇ, ನೂರು.

40ಕ್ಕೂ 14ಕ್ಕೂ ನಡುವಿನ 26 ಮಿಲಿಸೆಕೆಂಡಿನಲ್ಲಿ ಏನಾಗುತ್ತದೆ? ಕೌಂಟರ್-ಸ್ಟ್ರೈಕ್‌ನಲ್ಲಿ ಎಕೆ-47 ಹಿಡಿದು ಓಡುವವನ ವೇಗ ಸೆಕೆಂಡಿಗೆ 215 ಯುನಿಟ್. ಅಷ್ಟು ಹೊತ್ತಿನಲ್ಲಿ ಅವನು ಐದೂವರೆ ಯುನಿಟ್ ಸರಿದಿರುತ್ತಾನೆ. ಆಟದ ಲೆಕ್ಕದಲ್ಲಿ ಒಬ್ಬ ಆಟಗಾರನ ಅಗಲವೇ 32 ಯುನಿಟ್. ದೂರದಿಂದ ತಲೆಗೆ ಗುರಿಯಿಡುವವನಿಗೆ ಇದು ದೊಡ್ಡ ಅಂತರ. ನೆಟ್‌ವರ್ಕಿನ ತಡವನ್ನಾದರೂ ಸರ್ವರ್ ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ನಿಮ್ಮ ಡಬ್ಬಿಯ ಸಾಲಿನಲ್ಲಿ ಆದ ತಡ ಅದರ ಲೆಕ್ಕಕ್ಕೇ ಬರುವುದಿಲ್ಲ.

ಸಾಲು ಮೊಟಕು ಮಾಡುವ ಗುಂಡಿ ಎನ್ವಿಡಿಯಾ ಡ್ರೈವರಿನಲ್ಲಿ ಬಹಳ ಹಿಂದಿನಿಂದಲೂ ಇತ್ತು, ‘ಮೊದಲೇ ತಯಾರಾಗುವ ಫ್ರೇಮ್‌ಗಳ ಗರಿಷ್ಠ ಸಂಖ್ಯೆ’ ಎಂಬ ಅರ್ಥದ ಒಣ ಹೆಸರಿನಲ್ಲಿ. 2019ರ ಜುಲೈನಲ್ಲಿ ಎಎಂಡಿ ತನ್ನ ಆ್ಯಂಟಿ-ಲ್ಯಾಗ್ ತಂದಿತು. ಮರುತಿಂಗಳೇ ಎನ್ವಿಡಿಯಾ ಹಳೆಯ ಗುಂಡಿಯನ್ನು `Low Latency Mode` ಎಂದು ಕರೆದು ಮೂರು ಆಯ್ಕೆ ಕೊಟ್ಟಿತು. `Off` ಎಂದರೆ ಸಾಲು ಆಟದ ಇಷ್ಟ. `On` ಎಂದರೆ ಒಂದೇ ಫ್ರೇಮ್. `Ultra` ಎಂದರೆ ಮೇಲಿನ ಲೆಕ್ಕದ ಮೂರನೆಯ ಉಪಾಯ: ಕಾರ್ಡಿಗೆ ಬೇಕಾಗುವ ಹೊತ್ತಿಗಷ್ಟೇ ಫ್ರೇಮ್ ಒಪ್ಪಿಸುವುದು.

ಇದನ್ನು ಹಾಕಿ ‘ಏನೂ ಬದಲಾಗಲಿಲ್ಲ’ ಎನ್ನುವವರೇ ಹೆಚ್ಚು, ಅವರು ಹೇಳುವುದು ನಿಜವೂ ಹೌದು. ಗ್ರಾಫಿಕ್ಸ್ ಗುಣಮಟ್ಟವನ್ನೆಲ್ಲ ತಗ್ಗಿಸಿ ಆಡುವವರಲ್ಲಿ ಕಾರ್ಡೇ ಬಿಡುವಾಗಿ ಪ್ರೊಸೆಸರಿಗಾಗಿ ಕಾಯುತ್ತಿರುತ್ತದೆ. ಇಲ್ಲದ ಸಾಲನ್ನು ಮೊಟಕು ಮಾಡುವುದು ಹೇಗೆ? ಆದರೆ ಕೌಂಟರ್-ಸ್ಟ್ರೈಕ್ 2ರಲ್ಲಿ ಕಣ್ಣ ಮುಂದೆಯೇ ದಟ್ಟ ಹೊಗೆ ಬಾಂಬ್ ಸಿಡಿದಾಗ ಕಾರ್ಡಿನ ಹೊರೆ ಏರುತ್ತದೆ, ಸಾಲು ತುಂಬುತ್ತದೆ. ಅಂದರೆ ಸಾಲು ಬೆಳೆಯುವುದು ಹೆಚ್ಚಾಗಿ ಜಗಳ ಬಿಸಿಯೇರಿದಾಗಲೇ. `Ultra`ಗೆ ಇನ್ನೊಂದು ತೊಡಕಿದೆ. ಅದು ಅಂದಾಜಿನ ಮೇಲೆ ನಡೆಯುತ್ತದೆ. 4 ಮಿಲಿಸೆಕೆಂಡ್ ಎಂದುಕೊಂಡ ಫ್ರೇಮಿಗೆ ಪ್ರೊಸೆಸರ್ 9 ತೆಗೆದುಕೊಂಡರೆ ಕಾರ್ಡ್ ಕೈಕಟ್ಟಿ ಕೂರುತ್ತದೆ, ಆಟ ಜರ್ಕ್ ಹೊಡೆಯುತ್ತದೆ. ಇನ್ನು ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್ ಆಟಗಳಲ್ಲಿ ಸಾಲಿನ ಯಜಮಾನಿಕೆ ಆಟದ್ದೇ. ಎನ್ವಿಡಿಯಾದ ಈ ಗುಂಡಿ ಬಂದಾಗ ಅದಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಮೂಲ ಕೊರತೆ ಏನೆಂದರೆ, ಡ್ರೈವರ್ ಹೊರಗಿನವನು. ಆಟ ಮೌಸ್ ಓದುವುದು ಯಾವ ಗಳಿಗೆಯಲ್ಲಿ ಎಂದು ಅದಕ್ಕೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಒಳನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ 2023ರ ಅಕ್ಟೋಬರ್ ಸಾಕ್ಷಿ. ಎಎಂಡಿಯ ಹೊಸ ಡ್ರೈವರ್ 23.10.1 ತನ್ನ ಆ್ಯಂಟಿ-ಲ್ಯಾಗ್ ಪ್ಲಸ್ ಅನ್ನು ಕೌಂಟರ್-ಸ್ಟ್ರೈಕ್ 2ಕ್ಕೂ ವಿಸ್ತರಿಸಿತು. ಅದು ಆಟದ ಎಂಜಿನ್ನಿನ ಫಂಕ್ಷನ್‌ಗಳ ದಾರಿಯನ್ನೇ ತಿರುಗಿಸಿ, ಮೌಸ್ ಓದುವ ಮೊದಲೇ ಆಟವನ್ನು ತಡೆದು ನಿಲ್ಲಿಸಲು ನೋಡಿತು. ಮೋಸದ ಸಾಫ್ಟ್‌ವೇರ್‌ಗಳು ಮಾಡುವುದೂ ಇದೇ ಬಗೆಯ ಕೆಲಸ. ವಾಲ್ವ್ ಕಂಪನಿಯ ಕಾವಲು ವ್ಯವಸ್ಥೆ ಗುಂಡಿ ಒತ್ತಿದ ಅಮಾಯಕರನ್ನೂ ಮೋಸಗಾರರೆಂದು ಬಗೆದು ಅವರ ಖಾತೆಗಳ ಮೇಲೆ ನಿಷೇಧ ಹೇರಿತು. ಆ ಗುಂಡಿ ಮುಟ್ಟಬೇಡಿ ಎಂದು ವಾಲ್ವ್ ಬಹಿರಂಗವಾಗಿಯೇ ಎಚ್ಚರಿಸಬೇಕಾಯಿತು. ಎಎಂಡಿ ಕೂಡಲೇ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ವರ್ಷಗಟ್ಟಲೆ ಕೂಡಿಟ್ಟ ಆಯುಧದ ಸ್ಕಿನ್‌ಗಳ ಸಮೇತ ಖಾತೆ ಮುಚ್ಚಿಹೋದವರ ಪಾಡು ಊಹಿಸಿಕೊಳ್ಳಿ. ಕಾರ್ಡ್ ತಯಾರಕರೇ ಕೊಟ್ಟ ಗುಂಡಿ ಒತ್ತಿದ್ದಷ್ಟೇ ಅವರು ಮಾಡಿದ್ದು.

ಸರಿಯಾದ ದಾರಿ ಮುಂಬಾಗಿಲಿನದ್ದು. ಎನ್ವಿಡಿಯಾ 2020ರಲ್ಲೇ ರಿಫ್ಲೆಕ್ಸ್ ತಂದಿತ್ತು. ಅಲ್ಲಿ ಆಟ ಬರೆದವರೇ ‘ಮೌಸ್ ಓದುವುದು ಇಲ್ಲಿ, ಕಾಯುವುದಿದ್ದರೆ ಅದಕ್ಕೂ ಮೊದಲು’ ಎಂದು ತಮ್ಮ ಕೋಡಿನಲ್ಲಿ ಗುರುತು ಹಾಕಿಕೊಡುತ್ತಾರೆ. ಎಎಂಡಿಯೂ 2024ರಲ್ಲಿ ಇದೇ ರೀತಿಯ ಆ್ಯಂಟಿ-ಲ್ಯಾಗ್ 2 ತಂದಿತು. ಅದು ಮೊದಲು ಸೇರಿದ್ದು, ನೋಡಿ, ಕೌಂಟರ್-ಸ್ಟ್ರೈಕ್ 2ಕ್ಕೇ.

ನಿಮ್ಮಲ್ಲಿ ಸಾಲು ಇದೆಯೇ ಎಂದು ತಿಳಿಯಲು ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆಯ ಶೇಕಡಾವಾರು ನೋಡಿ. ಅದು 97, 99ರಲ್ಲೇ ನಿಂತಿದ್ದರೆ ಸಾಲು ಇರುವ ಸಂಭವ ಹೆಚ್ಚು. 70ರ ಆಸುಪಾಸಿದ್ದರೆ ಈ ಗುಂಡಿಗಳಿಂದ ಹೆಚ್ಚೇನೂ ಸಿಗದು. ಆಟದ ಸೆಟ್ಟಿಂಗ್‌ನಲ್ಲೇ ರಿಫ್ಲೆಕ್ಸ್ ಅಥವಾ ಆ್ಯಂಟಿ-ಲ್ಯಾಗ್ 2 ಇದ್ದರೆ ಅದನ್ನು ಹಾಕಿ, ಡ್ರೈವರಿನದ್ದನ್ನು ಮರೆತುಬಿಡಿ. ಎರಡೂ ಇಲ್ಲದ ಹಳೆಯ ಆಟವಾದರೆ `On` ಸಾಕು, `Ultra`ದಲ್ಲಿ ಜರ್ಕ್ ಕಂಡರೆ ಹಿಂದಿರುಗಿ. ಇವೆಲ್ಲದಕ್ಕಿಂತ ಅಗ್ಗದ ಮದ್ದೂ ಒಂದಿದೆ. ನೂರು ಫ್ರೇಮ್ ಬರುವಲ್ಲಿ ಆಟದೊಳಗಿನ ಮಿತಿಯನ್ನು 90ಕ್ಕೆ ಕಟ್ಟಿ. ಕಾರ್ಡಿಗೆ ಉಸಿರಾಡಲು ಬಿಡುವು ಸಿಗುತ್ತದೆ, ಸಾಲು ತಾನಾಗಿಯೇ ಖಾಲಿಯಾಗುತ್ತದೆ, ನಮ್ಮ ಲೆಕ್ಕದ 40 ಮಿಲಿಸೆಕೆಂಡ್ ಇಲ್ಲಿಯೂ 14ರ ಹತ್ತಿರಕ್ಕೇ ಇಳಿಯುತ್ತದೆ.