ಕೆನಡಾ ವಲಸೆ: ಸಲಹೆಗಾರರ ಆಯ್ಕೆ ಮತ್ತು ಶುಲ್ಕದ ಕರಾರು

ಕೆನಡಾದಲ್ಲಿ ಕಾಯಂ ನೆಲೆಸಲು ಅನುಮತಿ ಕೋರುವ ಅರ್ಜಿಯನ್ನು ಸಲಹೆಗಾರರ ನೆರವಿಲ್ಲದೆ ಅರ್ಜಿದಾರರೇ ನೇರವಾಗಿ ಸಲ್ಲಿಸಬಹುದು. ಸಲಹೆಗಾರರನ್ನು ನೇಮಿಸಿದರೆ ಅರ್ಜಿಗೆ ವಿಶೇಷ ಆದ್ಯತೆಯೇನೂ ದೊರೆಯುವುದಿಲ್ಲ. ಆದರೂ ಮಕ್ಕಳನ್ನು ಕಳುಹಿಸಬಯಸುವ ಅನೇಕ ವ್ಯಾಪಾರಸ್ಥರು ದಾಖಲೆಗಳ ಗೋಜಲನ್ನು ಕಂಡು ಈ ಕೆಲಸವನ್ನು ಇತರರಿಗೆ ಒಪ್ಪಿಸುತ್ತಾರೆ. ಹಾಗೆ ಒಪ್ಪಿಸುವ ಮುನ್ನ ಹಣ ಪಡೆದು ಸಲಹೆ ನೀಡುವ ಅಧಿಕಾರ ಯಾರಿಗಿದೆ ಎಂಬುದನ್ನು ತಿಳಿಯುವುದು ಅವಶ್ಯ.

ಕೆನಡಾದ ವಲಸೆ ಮತ್ತು ನಿರಾಶ್ರಿತರ ಸಂರಕ್ಷಣಾ ಕಾಯಿದೆಯ 91ನೇ ಕಲಮಿನ ಪ್ರಕಾರ ಈ ಅಧಿಕಾರವಿರುವುದು ಮುಖ್ಯವಾಗಿ ಅಲ್ಲಿನ ಪ್ರಾಂತೀಯ ವಕೀಲರ ಸಂಸ್ಥೆಗಳ ಸದಸ್ಯರಿಗೆ, ಕ್ವಿಬೆಕ್ ಪ್ರಾಂತ್ಯದ ನೋಟರಿಗಳಿಗೆ ಮತ್ತು ವಲಸೆ ಹಾಗೂ ಪೌರತ್ವ ಸಲಹೆಗಾರರ ಕಾಲೇಜಿನ ಪರವಾನಗಿ ಪಡೆದವರಿಗೆ. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಇದು ಪಾಠಶಾಲೆಯಲ್ಲ. 2021ರ ನವೆಂಬರ್‌ನಿಂದ ಕಾರ್ಯನಿರ್ವಹಿಸುತ್ತಿರುವ ನಿಯಂತ್ರಣ ಸಂಸ್ಥೆ. ನಮ್ಮ ಊರಿನ ಕಚೇರಿಯ ಗೋಡೆಗೆ ತೂಗುಹಾಕಿದ ಜಿ.ಎಸ್.ಟಿ. ನೋಂದಣಿ ಪತ್ರವಾಗಲಿ, ಅಂಗಡಿ ಪರವಾನಗಿಯಾಗಲಿ ಈ ಅಧಿಕಾರವನ್ನು ಕೊಡುವುದಿಲ್ಲ.

ಆದುದರಿಂದ ಮೊದಲ ಪ್ರಶ್ನೆ, 'ಅರ್ಜಿಯಲ್ಲಿ ಪ್ರತಿನಿಧಿಯಾಗಿ ಸಹಿ ಮಾಡುವವರು ಯಾರು, ಅವರ ಪರವಾನಗಿ ಸಂಖ್ಯೆ ಎಷ್ಟು?' ಎಂಬುದು. ಆ ಹೆಸರನ್ನು ಕಾಲೇಜಿನ college-ic.ca ತಾಣದ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಬಳಿಕ ಪಟ್ಟಿಯಲ್ಲಿರುವ ದೂರವಾಣಿ ಅಥವಾ ಇ-ಮೇಲ್ ಮೂಲಕವೇ ಅವರನ್ನು ಸಂಪರ್ಕಿಸುವುದು ಕ್ಷೇಮ. ಬೇರೆಯವರ ಸಂಖ್ಯೆಯನ್ನು ತಮ್ಮದೆಂದು ತೋರಿಸುವವರೂ ಇದ್ದಾರೆ. ಪ್ರತಿನಿಧಿಯನ್ನು ನೇಮಿಸಿದಾಗ IMM 5476 ಎಂಬ ನಮೂನೆಯಲ್ಲಿ ಅವರ ಹೆಸರನ್ನು ಘೋಷಿಸಬೇಕಾಗುತ್ತದೆ. 'ಆ ನಮೂನೆ ಬೇಡ, ನೀವೇ ಅರ್ಜಿ ಹಾಕಿದಂತೆ ತೋರಿಸೋಣ' ಎನ್ನುವವರಿಂದ ಅಲ್ಲಿಗೇ ಎದ್ದುಬರುವುದು ಒಳಿತು. ಅರ್ಜಿದಾರರ ಆನ್‌ಲೈನ್ ಖಾತೆಯ ಗುಪ್ತಪದವನ್ನು ತಮ್ಮಲ್ಲೇ ಇಟ್ಟುಕೊಂಡು, ಏನು ಸಲ್ಲಿಸಿದ್ದೇವೆಂದು ತೋರಿಸಲು ಒಪ್ಪದಿರುವುದೂ ಇದೇ ಬಗೆಯ ಲಕ್ಷಣ.

ಇನ್ನು ಶುಲ್ಕದ ವಿಚಾರ. ವಕೀಲರು ಗಂಟೆಯ ಲೆಕ್ಕದಲ್ಲಿಯೂ ಶುಲ್ಕ ವಿಧಿಸುವುದುಂಟು. ಸಾಮಾನ್ಯ ಅರ್ಜಿಗಳಿಗೆ ನಿಗದಿತ ಮೊತ್ತವೇ ರೂಢಿ. ಪ್ರಶ್ನೆಯಿರುವುದು ಆ ಮೊತ್ತ ಯಾವ ಹಂತದಲ್ಲಿ ಸಂದಾಯವಾಗಬೇಕು ಎಂಬುದರಲ್ಲಿ.

ಹುಬ್ಬಳ್ಳಿಯ ಯಂತ್ರಭಾಗ ತಯಾರಕರೊಬ್ಬರ ಇಂಜಿನಿಯರ್ ಮಗ ಎಕ್ಸ್‌ಪ್ರೆಸ್ ಎಂಟ್ರಿ ಮಾರ್ಗದಲ್ಲಿ ಪ್ರಯತ್ನಿಸುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಸಲಹಾ ಸಂಸ್ಥೆಯು ಒಟ್ಟು 4 ಲಕ್ಷ ರೂ. ಕೇಳಿ, ಅದರಲ್ಲಿ 3 ಲಕ್ಷವನ್ನು ಮುಂಗಡವಾಗಿ ಬಯಸುತ್ತದೆ. ಈ ಮಾರ್ಗದಲ್ಲಿ ಮೊದಲು ಅಭ್ಯರ್ಥಿಯ ವಿವರಗಳನ್ನು ನಮೂದಿಸಬೇಕು. ಇದಕ್ಕೆ ಸರ್ಕಾರಿ ಶುಲ್ಕವಿಲ್ಲ. ಅಂಕಗಳು ಸಾಕಷ್ಟಿದ್ದು ಆಹ್ವಾನ ಬಂದರೆ ಮಾತ್ರ 60 ದಿನಗಳೊಳಗೆ ಪೂರ್ಣ ಅರ್ಜಿ ಸಲ್ಲಿಸುವ ಪ್ರಮೇಯ. ಆಹ್ವಾನ ಬಾರದಿದ್ದರೆ 12 ತಿಂಗಳಿಗೆ ಆ ನಮೂದು ಮುಗಿದುಹೋಗುತ್ತದೆ. ಅಂದರೆ ಮುಖ್ಯ ಕೆಲಸ ಹುಟ್ಟುವ ಮೊದಲೇ ಮುಕ್ಕಾಲು ಪಾಲು ಹಣ ಸಂದಾಯವಾಗಿರುತ್ತದೆ. ಅದೇ 4 ಲಕ್ಷವನ್ನು ನಮೂದಿಗೆ 80 ಸಾವಿರ, ಆಹ್ವಾನ ಬಂದಾಗ 2.20 ಲಕ್ಷ, ಅರ್ಜಿ ಸಲ್ಲಿಕೆಯಾದ ಮೇಲೆ 1 ಲಕ್ಷ ಎಂದು ವಿಂಗಡಿಸಿದರೆ, ಆಹ್ವಾನ ಬಾರದಾಗಿನ ನಷ್ಟ 80 ಸಾವಿರಕ್ಕೆ ಸೀಮಿತ.

ಪರವಾನಗಿ ಪಡೆದ ಸಲಹೆಗಾರರು ಲಿಖಿತ ಕರಾರು ಮಾಡಿಕೊಳ್ಳಬೇಕು. ಮುಂಗಡವನ್ನು ಗ್ರಾಹಕರ ಹಣಕ್ಕೆಂದೇ ಇರುವ ಪ್ರತ್ಯೇಕ ಖಾತೆಯಲ್ಲಿರಿಸಿ, ಕೆಲಸವಾದಂತೆ ಪಡೆಯಬೇಕು. ಲೆಕ್ಕಪತ್ರದ ಮಾತಿನಲ್ಲಿ ಹೇಳುವುದಾದರೆ ಅದು ಅಲ್ಲಿಯವರೆಗೆ ಅವರ ಆದಾಯವಲ್ಲ, ಹೊಣೆ. ಭಾಷಾ ಪರೀಕ್ಷೆ, ಪದವಿ ಮೌಲ್ಯಮಾಪನ ಮತ್ತು ಸರ್ಕಾರಿ ಶುಲ್ಕಗಳು ಇದರಲ್ಲಿ ಸೇರಿವೆಯೇ ಎಂಬುದೂ ಕರಾರಿನಲ್ಲಿ ಸ್ಪಷ್ಟವಾಗಿರಬೇಕು. 2024ರ ಏಪ್ರಿಲ್ 30ರ ಪರಿಷ್ಕರಣೆಯಲ್ಲಿ ಮುಖ್ಯ ಅರ್ಜಿದಾರರ ಸರ್ಕಾರಿ ಶುಲ್ಕ ಒಟ್ಟು 1,525 ಕೆನಡಾ ಡಾಲರ್ ಆಗಿತ್ತು. ಪಾವತಿಯ ದಿನದ ದರವನ್ನು ಅಧಿಕೃತ ತಾಣದಲ್ಲಿ ನೋಡಿ, ಸ್ವಂತ ಕಾರ್ಡಿನಿಂದಲೇ ಪಾವತಿಸಿದರೆ ರಸೀದಿ ಕೈಯಲ್ಲಿರುತ್ತದೆ.

ಎಲ್ಲಕ್ಕಿಂತ ದುಬಾರಿಯಾದ ಬಲೆಯೆಂದರೆ ಉದ್ಯೋಗಪತ್ರದ ಮಾರಾಟ. ಉದ್ಯೋಗಪತ್ರವಿದ್ದರೆ ಹೆಚ್ಚುವರಿ ಅಂಕ ಸಿಗುತ್ತದೆಂದು ಲಕ್ಷಗಟ್ಟಲೆ ಕೇಳುತ್ತಾರೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆ ಅಂಕಗಳನ್ನು 2025ರ ಮಾರ್ಚ್ 25ರಂದೇ ತೆಗೆದುಹಾಕಲಾಗಿದೆ. ವಿದೇಶಿ ನೌಕರನ ಅಗತ್ಯವನ್ನು ಪರಿಶೀಲಿಸಲು ತಗಲುವ 1,000 ಡಾಲರ್ ಶುಲ್ಕವನ್ನೂ ಉದ್ಯೋಗದಾತನೇ ಭರಿಸಬೇಕು. ನೌಕರನಿಂದ ವಸೂಲು ಮಾಡುವಂತಿಲ್ಲ. ಸುಳ್ಳು ಅನುಭವಪತ್ರ ಇಲ್ಲವೇ ಉದ್ಯೋಗಪತ್ರ ಪತ್ತೆಯಾದರೆ ಅರ್ಜಿದಾರರಿಗೆ 5 ವರ್ಷಗಳ ನಿರ್ಬಂಧ. 'ಏಜೆಂಟರು ಮಾಡಿದ್ದು, ನಮಗೆ ತಿಳಿಯದು' ಎಂಬ ಸಮಜಾಯಿಷಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ವೀಸಾ ಖಚಿತವೆಂದು ಬರೆದುಕೊಡುವ ಅಧಿಕಾರವೂ ಯಾವ ವಕೀಲರಿಗಾಗಲಿ, ಸಲಹೆಗಾರರಿಗಾಗಲಿ ಇಲ್ಲ. ತೀರ್ಮಾನ ವಲಸೆ ಅಧಿಕಾರಿಯದು.

ಕೆನಡಾದಲ್ಲಿರುವ ಪ್ರತಿನಿಧಿಗೆ ಶುಲ್ಕ ಕಳುಹಿಸುವಾಗ ಬ್ಯಾಂಕಿನಲ್ಲಿ ಪ್ಯಾನ್ ಸಂಖ್ಯೆ ನೀಡಿ, ಎ-2 ನಮೂನೆ ತುಂಬಿ, ಕರಾರಿನಲ್ಲಿರುವ ಹೆಸರಿನ ಖಾತೆಗೇ ಜಮಾ ಮಾಡಿಸಬೇಕು. ಸ್ಥಳೀಯ ಮಧ್ಯವರ್ತಿಯ ಸ್ವಂತ ಖಾತೆಗೆ ಹಾಕಿದ ಅಥವಾ ನಗದಾಗಿ ಕೊಟ್ಟ ಹಣವು ಪ್ರತಿನಿಧಿಗೆ ತಲುಪಿದೆಯೆಂದು ಮುಂದೆ ದೂರು ನೀಡುವಾಗ ಸಾಬೀತುಪಡಿಸುವುದು ಬಹಳ ಕಷ್ಟ.